ವಯಸ್ಸು ಮೀರಿದೆಯೋ ಇಲ್ಲವೋ? ಹೀಗೆ ಲೆಕ್ಕ ಹಾಕಿ

ಅರ್ಜಿ ತುಂಬುವ ದಿನ ನಿಮಗೆಷ್ಟು ವಯಸ್ಸು ಎಂದು ಯುಪಿಎಸ್‌ಸಿ ಕೇಳುವುದಿಲ್ಲ. ಪರೀಕ್ಷೆಯ ದಿನದ್ದೂ ಬೇಕಿಲ್ಲ. ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಲೆಕ್ಕ ಹಿಡಿಯುವುದು ಆ ವರ್ಷದ ಆಗಸ್ಟ್ 1ಕ್ಕೆ. ಅಂದು 21 ತುಂಬಿರಬೇಕು, 32 ತುಂಬಿರಬಾರದು.

ಈ 'ತುಂಬಿರಬಾರದು' ಎಂಬಲ್ಲೇ ಜಾಸ್ತಿ ಜನ ಎಡವುತ್ತಾರೆ. 2026ರ ಪರೀಕ್ಷೆಯನ್ನೇ ತೆಗೆದುಕೊಳ್ಳಿ. 2026ರಿಂದ 32 ಕಳೆದರೆ 1994. ಆ ವರ್ಷದ ಆಗಸ್ಟ್ 1ರಂದು ಹುಟ್ಟಿದವರಿಗೆ ಕಟ್-ಆಫ್ ದಿನವೇ 32 ತುಂಬುತ್ತದೆ, ಹಾಗಾಗಿ ಅವರು ಹೊರಗೆ. ಆಗಸ್ಟ್ 2ರಂದು ಹುಟ್ಟಿದವರು ಒಳಗೆ. ಒಂದೇ ದಿನದ ಅಂತರ! ಹೀಗೆ ಸಾಮಾನ್ಯ ವರ್ಗಕ್ಕೆ 1994ರ ಆಗಸ್ಟ್ 2ರಿಂದ 2005ರ ಆಗಸ್ಟ್ 1ರವರೆಗೆ ಹುಟ್ಟಿದವರು ಅರ್ಹರು.

ಈಗ ಸಡಿಲಿಕೆ. ಇದು ಗರಿಷ್ಠ ಮಿತಿಗೆ ಮಾತ್ರ, 21ರ ಕನಿಷ್ಠ ಮಿತಿ ಎಲ್ಲರಿಗೂ ಒಂದೇ. ಒಬಿಸಿಗೆ 3 ವರ್ಷ, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 5 ವರ್ಷ, ನಿಗದಿತ ಪ್ರಮಾಣದ ಅಂಗವೈಕಲ್ಯವಿದ್ದರೆ 10 ವರ್ಷ. ಎರಡೂ ಅನ್ವಯಿಸಿದರೆ ಕೂಡಿಕೊಳ್ಳಬಹುದು. ಅಂಗವೈಕಲ್ಯವಿರುವ ಒಬಿಸಿ ಅಭ್ಯರ್ಥಿಗೆ 13 ವರ್ಷ ಸಿಗುತ್ತದೆ. ಇಡಬ್ಲ್ಯುಎಸ್‌ನವರಿಗೆ ಮೀಸಲಾತಿ ಇದೆ, ವಯಸ್ಸಿನ ಸಡಿಲಿಕೆ ಇಲ್ಲ. ಇದು ಗೊತ್ತಿಲ್ಲದೆ ಕಾಯುತ್ತಾ ಕುಳಿತವರಿದ್ದಾರೆ.

ಒಂದು ಉದಾಹರಣೆ ನೋಡೋಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜನ್ಮದಿನ 17 ಸೆಪ್ಟೆಂಬರ್ 1991, ಅಭ್ಯರ್ಥಿ ಒಬಿಸಿ. 32ಕ್ಕೆ 3 ಸೇರಿಸಿದರೆ 35. 2026ರಿಂದ 35 ಕಳೆದರೆ 1991. ಅಂದರೆ 1991ರ ಆಗಸ್ಟ್ 2ರಂದು ಅಥವಾ ಆಮೇಲೆ ಹುಟ್ಟಿರಬೇಕು. ಇವರು ಸೆಪ್ಟೆಂಬರ್‌ನವರು, ಬಚಾವ್. ಕಟ್-ಆಫ್ ದಿನ ಇವರ ವಯಸ್ಸು 34 ವರ್ಷ 10 ತಿಂಗಳು 15 ದಿನ. 2027ಕ್ಕೆ ಮಿತಿ 1992ರ ಆಗಸ್ಟ್ 2ಕ್ಕೆ ಸರಿಯುತ್ತದೆ, ಆಗ ಅವಕಾಶವಿಲ್ಲ. ಎಷ್ಟು ಸಲ ಬರೆದಿದ್ದೀರಿ ಅನ್ನೋದೂ ಬೇರೆ ಲೆಕ್ಕ: ಸಾಮಾನ್ಯ ವರ್ಗಕ್ಕೆ 6, ಒಬಿಸಿಗೆ 9.

ಇಲ್ಲೊಂದು ಎಚ್ಚರಿಕೆ. ನಮ್ಮ ರಾಜ್ಯದ 2ಎ, 3ಎ ಪ್ರಮಾಣಪತ್ರ ಕೈಯಲ್ಲಿದೆ ಎಂದಾಕ್ಷಣ ಕೇಂದ್ರದ ಒಬಿಸಿ ಆಗುವುದಿಲ್ಲ. ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿರಬೇಕು, ಕೆನೆಪದರಕ್ಕೆ ಸೇರಿರಬಾರದು. ಪ್ರಮಾಣಪತ್ರವೂ ಕೇಂದ್ರದ ನಮೂನೆಯಲ್ಲೇ ಇರಬೇಕು. ಇಲ್ಲದಿದ್ದರೆ ಆ 3 ವರ್ಷ ಸಿಗುವುದಿಲ್ಲ. ಮೇಲಿನ ಅಭ್ಯರ್ಥಿ ಆಗ ಸಾಮಾನ್ಯ ವರ್ಗದ 1994ರ ಮಿತಿಗೆ ಸಿಕ್ಕಿ ಅನರ್ಹರಾಗುತ್ತಾರೆ.

ಕೆಪಿಎಸ್‌ಸಿ ಅಧಿಸೂಚನೆ ಓದುವಾಗ ಈ ಆಗಸ್ಟ್ 1 ಅನ್ನು ಮರೆತುಬಿಡಿ. ಅಲ್ಲಿ ಸಾಮಾನ್ಯವಾಗಿ ಅರ್ಜಿ ಸಲ್ಲಿಸುವ ಕೊನೆಯ ದಿನಕ್ಕೆ ವಯಸ್ಸು ನೋಡುತ್ತಾರೆ, ಅದು ಪ್ರತಿ ಅಧಿಸೂಚನೆಗೂ ಬೇರೆ.