ಗಾಮಾ ಏರಿಸುವ ಮೊದಲು ಲಾಸ್ ಎಲ್ಲಿಂದ ಬರುತ್ತಿದೆ ನೋಡಿ

ರಸ್ತೆ ಕ್ಯಾಮೆರಾದ ಚಿತ್ರಗಳಲ್ಲಿ ಬೈಕು, ಆಟೋ, ಕಾರು ಗುರುತಿಸಲು ನಾನು ರೆಟಿನಾನೆಟ್ ಅನ್ನುವ ಡಿಟೆಕ್ಟರನ್ನು ಫೋಕಲ್ ಲಾಸ್ ಬಳಸಿ ತರಬೇತಿ ಮಾಡುತ್ತಿದ್ದೆ. ಇಂಥ ಡಿಟೆಕ್ಟರ್ ಒಂದು ಚಿತ್ರದಲ್ಲಿ ಸುಮಾರು 1,00,000 ಆ್ಯಂಕರ್ ಬಾಕ್ಸ್‌ಗಳನ್ನು, ಅಂದರೆ ಮೊದಲೇ ಗೊತ್ತುಮಾಡಿದ ಚೌಕಟ್ಟುಗಳನ್ನು, ಪರೀಕ್ಷಿಸುತ್ತದೆ. ಅದರಲ್ಲಿ ವಾಹನದ ಮೇಲೆ ಕೂರುವುದು 50 ಅಂದುಕೊಳ್ಳಿ. ಉಳಿದದ್ದೆಲ್ಲ ಬರೀ ರಸ್ತೆ, ಗೋಡೆ, ಆಕಾಶ.

ಒಂದೊಂದು ಹಿನ್ನೆಲೆ ಬಾಕ್ಸನ್ನೂ ಮಾಡೆಲ್ 0.9 ವಿಶ್ವಾಸದಿಂದ ಸರಿಯಾಗಿಯೇ ಹೇಳಿತು ಅನ್ನೋಣ. ಮಾಮೂಲಿ ಕ್ರಾಸ್ ಎಂಟ್ರೊಪಿಯಲ್ಲಿ ತಲಾ 0.105 ಲಾಸ್, ಒಟ್ಟು ಹತ್ತಿರಹತ್ತಿರ 10,500. ವಾಹನಗಳಿಗೆ 0.3 ಮಾತ್ರ ಸಿಕ್ಕಿದ್ದರೆ ತಲಾ 1.2, ಒಟ್ಟು 60. ಕಲಿಯಬೇಕಾದ ವಾಹನಗಳ ಮಾತು ಈ ಗದ್ದಲದಲ್ಲಿ ಕೇಳಿಸುವುದೇ ಇಲ್ಲ. 2017ರಲ್ಲಿ ಬಂದ ಫೋಕಲ್ ಲಾಸ್ ಇದಕ್ಕೆ ಒಂದು ಗುಣಕ ಸೇರಿಸಿತು:

```
FL(pt) = -αt · (1 - pt)^γ · log(pt)
```

pt ಅಂದರೆ ಸರಿಯಾದ ಉತ್ತರಕ್ಕೆ ಮಾಡೆಲ್ ಕೊಟ್ಟ ಸಾಧ್ಯತೆ, γ ಅಂದರೆ ಗಾಮಾ. ಆಲ್ಫಾ ವಾಹನಕ್ಕೆ ಕೊಡುವ ತೂಕ, ಹಿನ್ನೆಲೆಗೆ 1 - ಆಲ್ಫಾ. γ 2 ಇದ್ದರೆ 0.9ರ ಬಾಕ್ಸಿನ ಲಾಸ್ 100ನೇ ಒಂದು ಭಾಗಕ್ಕೆ ಇಳಿಯುತ್ತದೆ. 0.3ರದ್ದು ಅರ್ಧದಷ್ಟು ಉಳಿಯುತ್ತದೆ. ಆಲ್ಫಾ ಬಿಟ್ಟು ಲೆಕ್ಕ ಹಾಕಿದರೆ ಈಗ ಹಿನ್ನೆಲೆಯದು 105, ವಾಹನಗಳದು ಸುಮಾರು 29.

```python
loss = sigmoid_focal_loss(logits, targets,
        alpha=0.25, gamma=2.0, reduction="sum")
loss = loss / max(1, num_pos)
```

ಭಾಗಿಸುವುದು ವಾಹನದ ಆ್ಯಂಕರ್‌ಗಳ ಸಂಖ್ಯೆಯಿಂದ, ಒಟ್ಟು ಆ್ಯಂಕರ್‌ಗಳಿಂದಲ್ಲ. ಕೊನೆಯ ಪದರದ ಬಯಾಸನ್ನು -4.6ಕ್ಕೆ ಇಟ್ಟೆ. ಹಾಗಾಗಿ ಮಾಡೆಲ್ ಶುರುವಿನಲ್ಲೇ ಎಲ್ಲ ಬಾಕ್ಸಿಗೂ ವಾಹನ ಇರುವ ಸಾಧ್ಯತೆ 0.01 ಅನ್ನುತ್ತದೆ. ಇದಿಲ್ಲದಿದ್ದರೆ ಎಲ್ಲವೂ 0.5ರಿಂದ ಶುರುವಾಗಿ, ಮೊದಲ ಸುತ್ತುಗಳಲ್ಲೇ ಹಿನ್ನೆಲೆಯ ಲಾಸ್ ತರಬೇತಿಯನ್ನು ಕೆಡಿಸಬಹುದು.

ಆಮೇಲೆ γ. 0.5, 1, 2, 5 ಇಟ್ಟು ನೋಡಿದೆ. ಇವುಗಳ ಲಾಸ್ ಸಂಖ್ಯೆಗಳನ್ನು ಹೋಲಿಸಿ ಪ್ರಯೋಜನವಿಲ್ಲ. γ ಏರಿದರೆ ಲಾಸ್ ಸುಮ್ನೆ ಇಳಿಯುತ್ತದೆ, ಅಲ್ವಾ? ಪತ್ತೆ ಎಷ್ಟು ನಿಖರ ಅಂತ ಹೇಳುವ ಎಂಎಪಿ ಅಂಕವನ್ನೇ ನೋಡಬೇಕು. γ ಜೊತೆ ಆಲ್ಫಾವನ್ನೂ ಬದಲಿಸಬೇಕು. γ 0.5 ಇದ್ದಾಗ ಆಲ್ಫಾ 0.5, γ 2 ಇದ್ದಾಗ 0.25. ಅಪರೂಪದ ವಾಹನಗಳಿಗೇ ಕಡಿಮೆ ತೂಕ ಅನ್ನುವುದು ವಿಚಿತ್ರ ಅನ್ನಿಸಬಹುದು. ಆದರೆ ಹಿನ್ನೆಲೆಯನ್ನು γ ಆಗಲೇ ತಗ್ಗಿಸಿಬಿಟ್ಟಿರುತ್ತದೆ.

5ಕ್ಕೆ ಹೋದಾಗ ಎಂಎಪಿ ಕುಸಿಯಿತು. ಕಾರಣ ತಿಳಿಯಲು ಅತಿ ಹೆಚ್ಚು ಲಾಸ್ ಬಂದ ಹಿನ್ನೆಲೆ ಬಾಕ್ಸ್‌ಗಳನ್ನು ಕತ್ತರಿಸಿ ಸಾಲಾಗಿ ಜೋಡಿಸಿದೆ. ಹೆಚ್ಚಿನವು ಹಿನ್ನೆಲೆಯೇ ಅಲ್ಲ! ದೂರದ ಸಿಗ್ನಲ್ ಹತ್ತಿರ ನಿಂತ ಪುಟ್ಟ ಬೈಕುಗಳು, ಬಸ್ಸಿನ ಹಿಂದೆ ಅರ್ಧ ಕಾಣುವ ಆಟೋ. ಲೇಬಲ್ ಹಾಕುವವರು ಬಿಟ್ಟವು. ಮಾಡೆಲ್ ಸರಿಯಾಗಿ ಬೈಕು ಅಂದಿದ್ದಕ್ಕೇ ದಂಡ ಕಟ್ಟುತ್ತಿತ್ತು. γ ಜಾಸ್ತಿಯಾದಷ್ಟೂ ಲಾಸಿನಲ್ಲಿ ಇವುಗಳದೇ ಕಾರುಬಾರು. ಕಷ್ಟದ ಉದಾಹರಣೆ ಯಾವುದು, ತಪ್ಪು ಲೇಬಲ್ ಯಾವುದು ಅನ್ನುವುದು ಸೂತ್ರಕ್ಕೆ ಗೊತ್ತಾಗುವುದಿಲ್ಲ.

ಹೀಗೆ ಬಿಟ್ಟುಹೋದವುಗಳಲ್ಲಿ ದೊಡ್ಡದಾಗಿ ಕಾಣುವವಕ್ಕೆ ಲೇಬಲ್ ಹಾಕಿಸಿದೆ. ತೀರಾ ಚಿಕ್ಕವು ತುಂಬಿದ ಜಾಗವನ್ನು ಲಾಸ್ ಲೆಕ್ಕದಿಂದಲೇ ತೆಗೆದೆ. ಅದಾದ ಮೇಲೆ γ 1ಕ್ಕೂ 2ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ, 2ನ್ನೇ ಇಟ್ಟುಕೊಂಡೆ. ಸ್ಕೋರುಗಳು ಮಾತ್ರ ಕ್ರಾಸ್ ಎಂಟ್ರೊಪಿಗಿಂತ ತಗ್ಗಿಯೇ ಬರುತ್ತಿದ್ದವು. ಹಾಗಾಗಿ ಕಟ್-ಆಫ್ 0.5 ಅಂತ ಕಣ್ಮುಚ್ಚಿ ಇಡದೆ, ವ್ಯಾಲಿಡೇಷನ್ ಚಿತ್ರಗಳ ಮೇಲೆ ಪ್ರತಿ ವಾಹನಕ್ಕೂ ಬೇರೆಬೇರೆ ಆರಿಸಿದೆ.