ತಗಡಿನ ಬಿಸಿಗೆ ಹತ್ತು ನಿಮಿಷದ ಹೆಜ್ಜೆ: ನನ್ನ ಅನುಭವ

ಕಲಬುರಗಿಯ ಒಂದು ದಾಲ್ ಮಿಲ್ಲಿನ ಗೋದಾಮು. ತಗಡಿಗೆ ಬಿಳಿ ಬಣ್ಣ ಹೊಡೆಸಿದರೆ ಬಿಸಿ ಎಷ್ಟು ಇಳಿಯುತ್ತೆ ಅಂತ ಸಾವ್ಕಾರ್ರು ಕೇಳಿದರು. ಎಂಟು ಸಾವಿರಕ್ಕೆ ಒಪ್ಪಿದೆ. ಅದರಲ್ಲಿ ಅರ್ಧ ದುಡ್ಡು ಬಿಸಿ ಅಳೆಯುವ ಥರ್ಮೋಕಪಲ್‌ಗೇ ಹೋಯಿತು.

ತಗಡಿನ ಬಿಸಿ ಲೆಕ್ಕ ಹಾಕಲು ಸ್ಪ್ರೆಡ್‌ಶೀಟಿನಲ್ಲಿ ಹತ್ತು ನಿಮಿಷಕ್ಕೊಂದು ಸಾಲು, ದಿನಕ್ಕೆ 144 ಸಾಲು. ಅರ್ಧ ಮಿಲಿಮೀಟರ್ ತಗಡು ತುಂಬಾ ಬೇಗ ಕಾಯುತ್ತದೆ, ಒಂದೂವರೆ ನಿಮಿಷದೊಳಗೇ ಬಹುಪಾಲು ಹೊಂದಿಕೊಳ್ಳುತ್ತದೆ. ಹಾಗಾಗಿ ಹಳೆಯ ಬಿಸಿಯಿಂದಲೇ ವೇಗ ಲೆಕ್ಕ ಹಾಕಿ ಮುಂದಕ್ಕೆ ಹೋಗುವ ಆಯ್ಲರ್ ವಿಧಾನ ಕೈಕೊಟ್ಟಿತು. 42 ಡಿಗ್ರಿಯಿಂದ ಒಂದೇ ಹೆಜ್ಜೆಗೆ 184 ಡಿಗ್ರಿ ತೋರಿಸಿತು! ಹೊಸ ಬಿಸಿಯಲ್ಲೇ ವೇಗ ಲೆಕ್ಕ ಹಾಕುವ ಹಿಮ್ಮುಖ ಆಯ್ಲರ್ ಹಿಡಿದೆ:

```
T = T0 + dt*f(T)
```

`T0` ಹಿಂದಿನ ಸಾಲಿನ ಬಿಸಿ, `T` ಹೊಸ ಸಾಲಿನದು, `dt` ಹೆಜ್ಜೆ, `f` ಬಿಸಿ ಬದಲಾಗುವ ವೇಗ. `f` ಒಳಗೆ ಆಕಾಶಕ್ಕೆ ಹೋಗುವ ಶಾಖದ `T^4` ಇದೆ, ಸುಮ್ನೆ ಬಿಡಿಸಲು ಬರಲ್ಲ. "ಬಂದ ಉತ್ತರವನ್ನೇ ಮತ್ತೆ ಒಳಗೆ ಹಾಕ್ತಾ ಹೋಗ್ರಿ, ಸಾಕು" ಅಂದರು ಗೆಳೆಯರು. ಹಾಕಿದೆ. ಮೊದಲ ಸುತ್ತಿಗೆ ಅದೇ 184. ಎರಡನೇ ಸುತ್ತಿಗೆ ಸೊನ್ನೆ ಕೆಲ್ವಿನ್‌ಗಿಂತಲೂ ಕೆಳಗೆ! ಎರಡು ದಿನ ಕೋಡಿನ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ಈ ಸುತ್ತು ನಿಲ್ಲಬೇಕಾದರೆ `dt*f'` ಗಾತ್ರ ಒಂದಕ್ಕಿಂತ ಕಡಿಮೆ ಇರಬೇಕು, ನನ್ನದು ಏಳರ ಹತ್ತಿರ ಇತ್ತು. `f'` ಅಂದರೆ ಬಿಸಿ ಒಂದು ಡಿಗ್ರಿ ಏರಿದರೆ `f` ಎಷ್ಟು ಬದಲಾಗುತ್ತೆ ಅನ್ನೋದು. ಅಂದರೆ ಸಮೀಕರಣ ಸ್ಥಿರವಾಗಿದ್ದರೂ ಅದನ್ನು ಬಿಡಿಸುವ ದಾರಿಯೇ ಸಿಡಿಯುತ್ತಿತ್ತು. ಅದಕ್ಕೆ ಬೇಕಾದ ಹೆಜ್ಜೆ ಮುಂದಕ್ಕೆ ಹೋಗುವ ಆಯ್ಲರ್‌ಗೆ ಬೇಕಾದುದರ ಅರ್ಧ. ಹಾಗಾದರೆ ಹಿಮ್ಮುಖ ಆಯ್ಲರ್ ಹಿಡಿದು ಏನು ಲಾಭ, ಅಲ್ವಾ?

ಮಧ್ಯೆ ಒಂದು ಪ್ರಯೋಗ ಮಾಡಿದೆ. ಹೊಸ ಉತ್ತರದ ಕಡೆಗೆ ಐದನೇ ಒಂದು ಭಾಗ ಮಾತ್ರ ಸರಿದೆ. ಗಾಳಿ ಕಡಿಮೆ ಇದ್ದ ದಿನ ನಿಂತಿತು. ಗಾಳಿ ಜೋರಾದ ದಿನ ಮತ್ತೆ ಸಿಡಿಯಿತು.

ಕೊನೆಗೆ ನ್ಯೂಟನ್ ವಿಧಾನ. "ಸ್ಪ್ರೆಡ್‌ಶೀಟಲ್ಲಿ ಆಗಲ್ಲ ಸರ್" ಅಂದವರೇ ಜಾಸ್ತಿ. ಸುತ್ತಿಗೊಂದು ಕಾಲಮ್ ಇಟ್ಟೆ, ಮೂರೇ ಕಾಲಮ್, `df` ಅಂದರೆ ಮೇಲಿನ `f'`:

```
T - (T - T0 - dt*f(T))/(1 - dt*df(T))
```

ಶುರು 315 ಕೆಲ್ವಿನ್. ಮೊದಲ ಕಾಲಮ್ 333.4, ಎರಡನೆಯದು 332.95, ಮೂರನೆಯದರಲ್ಲಿ ಎರಡನೇ ದಶಾಂಶವೂ ಅಲುಗಲಿಲ್ಲ. ಅಂದರೆ ಸುಮಾರು 60 ಡಿಗ್ರಿ. ಒಮ್ಮೆ `df` ಒಳಗೆ ಗಾಳಿಯ ಭಾಗ ಬರೆಯಲು ಮರೆತಿದ್ದೆ. ಆಗ ಉತ್ತರ ಮೇಲೆ ಕೆಳಗೆ ತೂಗಾಡುತ್ತಾ ದೂರ ಹೋಯಿತು. ಸರಿಯಾದ ನ್ಯೂಟನ್‌ನಲ್ಲಿ ಹತ್ತಿರ ಬಂದ ಮೇಲೆ ಸರಿ ಅಂಕೆಗಳು ಸುತ್ತಿಗೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತವೆ. ಆಗದಿದ್ದರೆ ಮೊದಲು `df` ನೋಡಿ.

ಒಂದು ಮಿತಿ ಇದೆ. ಮೋಡ ಸರ್ರನೆ ಬಂದು ಹೋದರೆ ಹತ್ತು ನಿಮಿಷದ ಹೆಜ್ಜೆ ಅದನ್ನು ಕಾಣುವುದೇ ಇಲ್ಲ. ಅಂಥ ದಿನಕ್ಕೆ ಒಂದು ನಿಮಿಷದ ಹೆಜ್ಜೆ ಇಟ್ಟೆ. ಯಾವ ಸಾಲಿಂದ ಹೆಜ್ಜೆ ಬದಲಿಸಬೇಕು ಅಂತ ಹೇಳುವ ಸೂತ್ರ ಮಾತ್ರ ನನ್ನ ಬಳಿಯೇ ಇರಲಿ.

ಬಿಳಿ ಬಣ್ಣಕ್ಕೆ ಅದೇ ಹೆಜ್ಜೆ 49 ಡಿಗ್ರಿ ಕೊಟ್ಟಿತು. ಸಾವ್ಕಾರ್ರು ಅರ್ಧ ತಗಡಿಗೆ ಬಣ್ಣ ಹೊಡೆಸಿದರು. ಮೇ ತಿಂಗಳ ಮಧ್ಯಾಹ್ನ ಅಳೆದಾಗ ವ್ಯತ್ಯಾಸ ಒಂಬತ್ತು ಡಿಗ್ರಿ ಬಂತು. ಉಳಿದರ್ಧಕ್ಕೂ ಬಣ್ಣ ತರಿಸಿದ್ದಾರೆ.