ಕೆಲಸದ ಅನುಭವ ಇಲ್ಲ ಅಂದ್ರೂ ನಾಲ್ಕು ಸಾಲಿನ ಬಯೋ ಬರೆಯೋದು ಹೇಗೆ

ಡಿಗ್ರಿ ಈಗಷ್ಟೇ ಮುಗಿಸಿದ ಮಕ್ಕಳ ಬಯೋ ಹತ್ತು ಓದಿದ್ರೆ ಹತ್ತರಲ್ಲೂ ಒಂದೇ ಮಾತು, ಶ್ರಮಜೀವಿ, ಟೀಮ್ ಪ್ಲೇಯರ್, ಹೊಸದನ್ನ ಕಲಿಯೋ ಆಸಕ್ತಿ. ಓದೋವ್ರಿಗೆ ಇದರಿಂದ ಏನೂ ಗೊತ್ತಾಗಲ್ಲ. ಹೆಸರು ತೆಗೆದು ಪಕ್ಕದ ಬೆಂಚಿನವರ ಹೆಸರು ಹಾಕಿದ್ರೂ ಆ ಬಯೋ ಸರಿಹೋಗತ್ತೆ ಅಂದ್ರೆ ಅದನ್ನ ಮತ್ತೆ ಬರೀಬೇಕು ಅಂತಲೇ ಅರ್ಥ.

ಹಾಗಾದ್ರೆ ಏನು ಬರೆಯೋದು? ನಮ್ಮ ಬೀದಿಯ ಒಬ್ಬಳು ಹುಡುಗಿ, ತೀರ್ಥಹಳ್ಳಿ ಕಡೆಯವಳು, ಶಿವಮೊಗ್ಗದಲ್ಲಿ ಬಿಕಾಂ ಮುಗಿಸಿ ಒಂದು ಅಡಿಕೆ ಮಂಡಿಯ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕೋಳಿದ್ಳು. "ಅಕ್ಕಾ, ನಂಗೆ ಬರೆಯೋಕೆ ಎಂತದೂ ಇಲ್ಲ" ಅಂದ್ಳು. ಕೂತು ಕೇಳ್ತಾ ಹೋದ್ರೆ ಮೂರು ವಿಷಯ ಸಿಕ್ತು, ಆಡಿಟರ್ ಆಫೀಸಲ್ಲಿ ಆರು ವಾರ ಇಂಟರ್ನ್‌ಶಿಪ್, ನಾಲ್ಕು ಜನ ಸೇರಿ ಮಾಡಿದ ಕೊನೇ ವರ್ಷದ ಪ್ರಾಜೆಕ್ಟ್, ಮತ್ತೆ ಎನ್ಎಸ್ಎಸ್. ಅವಳ ಬಯೋ ಹೇಗೆ ರೆಡಿ ಆಯ್ತು ಅನ್ನೋದನ್ನೇ ಹೇಳ್ತೀನಿ.

ಮೊದಲು: ಕೈಯಲ್ಲಿ ಏನು ಮಾಡಿದ್ದು ಅಂತ ಬರ್ಕೊಳ್ಳಿ

ಒಂದು ಹಾಳೆ ತಗೊಂಡು ಮೂರಕ್ಕೂ ಪ್ರತಿ ದಿನ ಕೂತು ಏನು ಮಾಡ್ತಿದ್ರಿ ಅಂತ ಬರೀರಿ. "ಜಿಎಸ್‌ಟಿ ಕಲಿತೆ" ಅಂತ ಅವಳು ಮೊದಲು ಬರೆದಿದ್ದು. ಅದು ಸಾಲಲ್ಲ. ಬೆಳಿಗ್ಗೆ ಹೋಗಿ ಏನು ಮಾಡ್ತಿದ್ದೆ ಅಂದ್ರೆ ಆಗ ಹೇಳಿದ್ಳು, ಮೂರು ಅಂಗಡಿಗಳ ಖರೀದಿ ಬಿಲ್ ಟ್ಯಾಲಿಗೆ ಎಂಟ್ರಿ ಮಾಡ್ತಿದ್ದೆ, ಆಮೇಲೆ ಪೋರ್ಟಲ್‌ನಿಂದ ಜಿಎಸ್‌ಟಿಆರ್-2ಬಿ ಡೌನ್‌ಲೋಡ್ ಮಾಡಿ ಎಕ್ಸೆಲ್‌ನಲ್ಲಿ ಎರಡನ್ನೂ ತಾಳೆ ನೋಡ್ತಿದ್ದೆ ಅಂತ. ಈ 2ಬಿ ಅಂದ್ರೆ ಮಾಲು ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ, ಅದ್ರಲ್ಲಿ ಬಿಲ್ ಬಂದಿಲ್ಲ ಅಂದ್ರೆ ಕೊಂಡ ಅಂಗಡಿಯವರಿಗೆ ಆ ತೆರಿಗೆಯ ಕ್ರೆಡಿಟ್ ಸಿಗಲ್ಲ, ಹಾಗಾಗಿ ಇದು ಸಣ್ಣ ಕೆಲಸ ಏನಲ್ಲ. ಬಿಲ್ ನಂಬರ್ ಒಂದು ಕಡೆ 045 ಇನ್ನೊಂದು ಕಡೆ ಬರೀ 45 ಅಂತಿದ್ರೆ ಫಾರ್ಮುಲಾ ಹಾಕಿದ್ರೂ ಮ್ಯಾಚ್ ಆಗಲ್ಲ, ಅಂಥವನ್ನ ಒಂದೊಂದಾಗಿ ಕೈಯಲ್ಲೇ ಹುಡುಕಿ ಸರಿ ಮಾಡ್ತಿದ್ದೆ ಅಂದ್ಳು. ನೋಡಿ, ಈ ಮಾತು ಆ ಕೆಲಸ ಮಾಡಿದವ್ರ ಬಾಯಲ್ಲಿ ಮಾತ್ರ ಬರತ್ತೆ. ಬಯೋದಲ್ಲಿ ಇದಕ್ಕೆ ಜಾಗ ಸಿಗದೇ ಇದ್ರೂ ಹಾಳೆಯಲ್ಲಿ ಇರ್ಲಿ, ಇಂಟರ್‌ವ್ಯೂನಲ್ಲಿ ಇದೇ ಉಪಯೋಗಕ್ಕೆ ಬರೋದು.

ಎರಡನೇದು: ನಾವು ಮಾಡಿದ್ದು ಬೇರೆ, ನಾನು ಮಾಡಿದ್ದು ಬೇರೆ

ಪ್ರಾಜೆಕ್ಟ್ ವಿಷಯದಲ್ಲಿ ಹೆಚ್ಚಿನವ್ರು ಜಾರೋದು ಇಲ್ಲೇ. ಅವಳ ಗುಂಪಿನ ಪ್ರಾಜೆಕ್ಟ್ ತೀರ್ಥಹಳ್ಳಿ ತಾಲ್ಲೂಕಿನ 40 ಅಡಿಕೆ ಬೆಳೆಗಾರರು ತಮ್ಮ ರಾಶಿ, ಬೆಟ್ಟೆ ಅನ್ನೋ ಬಗೆಯ ಅಡಿಕೆ ಎಲ್ಲ ಎಲ್ಲಿ ಮಾರ್ತಾರೆ, ಮಂಡಿಗಾ, ಸೊಸೈಟಿಗಾ, ಮನೆ ಬಾಗಿಲಿಗೆ ಬರೋ ವ್ಯಾಪಾರಿಗಾ, ಯಾಕೆ ಅಂತ. "40 ಬೆಳೆಗಾರರ ಸರ್ವೆ ಮಾಡಿದ್ದೇನೆ" ಅಂತ ಬರೆದ್ರೆ ಸುಳ್ಳಾಗತ್ತೆ, ಅವಳು ಮಾತಾಡಿಸಿದ್ದು 12 ಮನೆ. ಆದ್ರೆ ಪ್ರಶ್ನೆಪಟ್ಟಿ ಮಾಡಿದ್ದು ಅವಳೇ, ಎಲ್ಲರ ಉತ್ತರ ಎಕ್ಸೆಲ್‌ಗೆ ಹಾಕಿ ಟೇಬಲ್ ಮಾಡಿದ್ದೂ ಅವಳೇ. ನಾಲ್ವರ ತಂಡ ಅಂತ ಹೇಳಿ ತನ್ನ ಪಾಲು ಇಷ್ಟು ಅಂತ ಬರೆದ್ರೆ ನಂಬಿಕೆ ಹೆಚ್ಚೇ ಆಗತ್ತೆ, ಯಾಕಂದ್ರೆ ಅದೇ ತಂಡದ ಇನ್ನೊಬ್ಬರ ಅರ್ಜಿನೂ ಅದೇ ಟೇಬಲ್ ಮೇಲೆ ಇರಬಹುದು.

ಇಂಟರ್ನ್‌ಶಿಪ್‌ಗೂ ಇದೇ ಲೆಕ್ಕ. ರಿಟರ್ನ್ ಫೈಲ್ ಮಾಡಿದ್ದು ಆಡಿಟರ್, ಅವಳು ಅದಕ್ಕೆ ಡೇಟಾ ರೆಡಿ ಮಾಡಿಕೊಟ್ಟಿದ್ದು. "ಫೈಲ್ ಮಾಡಿದ್ದೇನೆ" ಅಂತ ಬರೆದ್ರೆ ಎದುರಿಗೆ ಕೂತವರು ತೆರಿಗೆ ಕಟ್ಟೋ ರಿಟರ್ನ್ ಜಿಎಸ್‌ಟಿಆರ್-3ಬಿ ಬಗ್ಗೆ ಒಂದೇ ಪ್ರಶ್ನೆ ಕೇಳ್ತಾರೆ, ಅಲ್ಲಿಗೆ ಮುಗೀತು. ಇನ್ನೊಂದು, ಆ ಮೂರು ಅಂಗಡಿಗಳ ಹೆಸರು ಯಾವ ಕಾರಣಕ್ಕೂ ಹಾಕಬೇಡಿ, ಅವರ ಲೆಕ್ಕ ಅವರ ಗುಟ್ಟು. ಅಕೌಂಟ್ಸ್ ಕೆಲಸ ಕೊಡೋವ್ರು ಇದನ್ನ ತಪ್ಪದೇ ಗಮನಿಸ್ತಾರೆ.

ಮೂರನೇದು: ಸ್ವಯಂಸೇವೆಯಿಂದ ಈ ಕೆಲಸಕ್ಕೆ ಬೇಕಾದ್ದನ್ನ ಮಾತ್ರ ಎತ್ಕೊಳ್ಳಿ

ಎನ್ಎಸ್ಎಸ್‌ನಲ್ಲಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಮೇಲೆ 7 ದಿನದ ವಿಶೇಷ ಶಿಬಿರ ಇರತ್ತೆ. ಎಲ್ಲರೂ ಬರೆಯೋದು ಗಿಡ ನೆಟ್ವಿ, ರಸ್ತೆ ಕ್ಲೀನ್ ಮಾಡಿದ್ವಿ ಅಂತ. ಒಳ್ಳೇ ಕೆಲಸನೇ, ಆದ್ರೆ ಮಂಡಿಯವ್ರಿಗೆ ಅದರಿಂದ ಏನು ತಿಳೀತು? ಇವಳನ್ನ ಕೆದಕಿ ಕೇಳಿದಾಗ, ಶಿಬಿರದಲ್ಲಿ 50 ಜನರ ಊಟದ ದಿನಸಿ ಖರ್ಚು ನೋಡ್ಕೊಂಡಿದ್ದು ನಾನೇ, ಪ್ರತಿ ರಾತ್ರಿ ಬಿಲ್ ಎಲ್ಲ ಪುಸ್ತಕಕ್ಕೆ ಹತ್ತಿಸಿ ಉಳಿದ ಕ್ಯಾಶ್ ಎಣಿಸಿ ಮೇಷ್ಟ್ರಿಗೆ ಒಪ್ಪಿಸ್ತಿದ್ದೆ ಅಂದ್ಳು. ಅವಳಿಗೆ ಅದು ಹೇಳೋ ವಿಷಯ ಅಂತಲೇ ಅನಿಸಿರ್ಲಿಲ್ಲ! ನನ್ನ ಪ್ರಕಾರ ಇಡೀ ಬಯೋದಲ್ಲಿ ಗಟ್ಟಿ ಸಾಲು ಅದೇ, ದುಡ್ಡು ಕೈಗೆ ಕೊಟ್ಟು ನಂಬಿದ್ರು, ಅವಳು ಲೆಕ್ಕ ಕೊಟ್ಳು.

ನಾಲ್ಕನೇದು: ಜೋಡಿಸಿ, ಕತ್ತರಿಸಿ

ಕ್ರಮ ಸರಳ. ಮೊದಲು ಯಾರು ನೀವು, ಆಮೇಲೆ ಈ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರವಾದ ಅನುಭವ, ಆಮೇಲೆ ಉಳಿದವು, ಕೊನೆಗೆ ಏನು ಹುಡುಕ್ತಿದ್ದೀರಿ. ಹೀಗೆ ಬಂತು:

"ಬಿಕಾಂ ಪದವೀಧರೆ, ಶಿವಮೊಗ್ಗ. ಆಡಿಟರ್ ಕಚೇರಿಯಲ್ಲಿ ಆರು ವಾರ ಇಂಟರ್ನ್ ಆಗಿ ಮೂರು ಅಂಗಡಿಗಳ ಖರೀದಿ ಬಿಲ್‌ಗಳನ್ನು ಟ್ಯಾಲಿಯಲ್ಲಿ ದಾಖಲಿಸಿ, ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಹೊಂದದ ಬಿಲ್‌ಗಳ ಪಟ್ಟಿ ತಯಾರಿಸಿದ್ದೇನೆ. ಎನ್ಎಸ್ಎಸ್ ಶಿಬಿರದಲ್ಲಿ 50 ಜನರ 7 ದಿನದ ದಿನಸಿ ಖರ್ಚಿನ ಲೆಕ್ಕ ಇಟ್ಟಿದ್ದೇನೆ. 40 ಅಡಿಕೆ ಬೆಳೆಗಾರರ ಮಾರಾಟದ ಬಗ್ಗೆ ನಾಲ್ವರ ತಂಡದ ಪ್ರಾಜೆಕ್ಟ್‌ನಲ್ಲಿ ಪ್ರಶ್ನೆಪಟ್ಟಿ ಮತ್ತು ಎಕ್ಸೆಲ್ ವಿಶ್ಲೇಷಣೆ ನನ್ನದು. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಹುಡುಕುತ್ತಿದ್ದೇನೆ."

ಒಂದೂ ಗುಣವಾಚಕ ಇಲ್ಲ ಗಮನಿಸಿ, ಶ್ರಮಜೀವಿ ಅಂತ ಹೇಳದೇನೇ ಅದು ಕಾಣತ್ತೆ. ಇಂಗ್ಲಿಷಲ್ಲಿ ಕೊಡ್ಬೇಕಾದ್ರೆ ಇದನ್ನೇ ಸಣ್ಣ ಸಣ್ಣ ವಾಕ್ಯದಲ್ಲಿ ಬರೀರಿ, ನಿಘಂಟು ನೋಡಿ ದೊಡ್ಡ ಪದ ತುರುಕಬೇಡಿ.

ಲಿಂಕ್ಡ್‌ಇನ್‌ನಲ್ಲಿ ಅಬೌಟ್ ಭಾಗಕ್ಕೆ 2600 ಅಕ್ಷರ ಜಾಗ ಇದೆ, ಆದ್ರೆ ಮೊದಲ ಕೆಲವೇ ಸಾಲು ಕಾಣೋದು, ಉಳಿದದ್ದು ಕ್ಲಿಕ್ ಮಾಡಿದ್ರೆ ಮಾತ್ರ. ಹಾಗಾಗಿ ಇಂಟರ್ನ್‌ಶಿಪ್ ಸಾಲು ಮೇಲೇ ಇರ್ಲಿ, "ನಾನು ಮಲೆನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿ" ಅಂತ ಶುರು ಮಾಡಿದ್ರೆ ಮುಖ್ಯ ವಿಷಯ ಅಡಗಿಹೋಗತ್ತೆ.

ಇದೇ ಹುಡುಗಿ ನಾಳೆ ಗೊಬ್ಬರದ ಕಂಪನಿಯ ಫೀಲ್ಡ್ ಕೆಲಸಕ್ಕೆ ಅರ್ಜಿ ಹಾಕಿದ್ರೆ ಕ್ರಮ ತಿರುಗಿಸ್ಬೇಕು. ಆಗ ಪ್ರಾಜೆಕ್ಟ್ ಮೊದಲು, ಅದ್ರಲ್ಲೂ ಟೇಬಲ್‌ಗಿಂತ 12 ಮನೆಗೆ ಹೋಗಿ ಬೆಳೆಗಾರರನ್ನ ಮಾತಾಡಿಸಿದ್ದು ಮುಂದೆ ಬರ್ಲಿ, ಟ್ಯಾಲಿ ಒಂದು ತುಣುಕಿಗೆ ಇಳೀಲಿ. ಒಂದೇ ಬಯೋ ಎಲ್ಲ ಕಡೆ ಕಳಿಸೋದು ಬೇಡ, ಹಾಳೆ ರೆಡಿ ಇದ್ರೆ ಬದಲಾಯಿಸೋಕೆ ಹೆಚ್ಚು ಹೊತ್ತೇನೂ ಹಿಡಿಯಲ್ಲ.

ಕಳಿಸೋ ಮುಂಚೆ

ಪ್ರತಿ ಸಾಲಿಗೂ "ಹೇಗೆ ಮಾಡಿದ್ರಿ?" ಅಂತ ಮನೆಯಲ್ಲಿ ಯಾರಾದ್ರೂ ಕೇಳ್ಲಿ, ಎರಡು ನಿಮಿಷ ತಡವರಿಸದೆ ಹೇಳೋಕೆ ಬರ್ದೇ ಇರೋ ಸಾಲನ್ನ ತೆಗೀರಿ. ಇಂಟರ್ನ್‌ಶಿಪ್ ಸರ್ಟಿಫಿಕೇಟ್‌ನಲ್ಲಿರೋ ತಾರೀಕು ಬಯೋದ ವಾರಗಳಿಗೆ ಹೊಂದತ್ತಾ ನೋಡಿ. ಆಡಿಟರ್ ಹೆಸರು, ನಂಬರ್ ರೆಫರೆನ್ಸ್ ಅಂತ ಕೊಡೋದಿದ್ರೆ ಮೊದಲೇ ಒಂದು ಫೋನ್ ಮಾಡಿ, "ಸಾರ್, ಇಂಥ ಕಡೆಯಿಂದ ಫೋನ್ ಬರಬಹುದು, ನಾನು ಬರೆದಿರೋದು ಇಷ್ಟು" ಅಂತ ಆ ಸಾಲನ್ನ ಅವರಿಗೆ ಓದಿ ಹೇಳಿ.